ಹತ್ತು ಹತ್ತರ ಚಂದ್ರ

ಒರಸಪ್ಪ ಅನ್ನೋದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಫೋಟೊ ಸ್ಟುಡಿಯೋದ ಮಾಲೀಕ ಒಂದು ದಿನ ಸಿಟ್ಟಿನಲ್ಲಿ ಕರೆದದ್ದು, ಹಾಗೇ ಅಂಟಿಕೊಂಡಿತು. ಬೇರೆಯವರ ಮುಖಕ್ಕೆ ಅಂಟಿದ್ದನ್ನೆಲ್ಲ ಒರಸಿ ಹಾಕುವ ಮನುಷ್ಯನಿಗೆ ತನಗೆ ಅಂಟಿದ್ದನ್ನು ಒರಸಿಕೊಳ್ಳಲು ಆಗಲಿಲ್ಲ ನೋಡಿ.

ಕಂಪ್ಯೂಟರಿನ ಮುಂದೆ ಕೂತು ಮೊಡವೆ ಒರಸುವುದು, ಕಣ್ಣಿನ ಕೆಳಗಿನ ಕಪ್ಪು ಒರಸುವುದು, ಗುಂಪು ಫೋಟೊದಲ್ಲಿ ಯಾರೋ ಕಣ್ಣು ಮುಚ್ಚಿಕೊಂಡಿದ್ದರೆ ಇನ್ನೊಂದು ಫೋಟೊದಿಂದ ಅವರದೇ ತೆರೆದ ಕಣ್ಣು ತಂದು ಕೂರಿಸುವುದು, ಇದು ಅವನ ಕಸುಬು. ಮನೆಮಂದಿಯ ಜೊತೆ ಜಗಳವಾಡಿಕೊಂಡ ಅಳಿಯನನ್ನು ಫೋಟೊದಿಂದಲೇ ಎತ್ತಿಹಾಕಿ, ಅವನು ನಿಂತ ಜಾಗದಲ್ಲಿ ಹೂಕುಂಡ ಇಟ್ಟುಕೊಟ್ಟದ್ದೂ ಉಂಟು. ಆರು ತಿಂಗಳಿಗೆ ರಾಜಿಯಾದ ಮೇಲೆ ಹೂಕುಂಡ ತೆಗೆದು ಅಳಿಯನನ್ನು ಮತ್ತೆ ನಿಲ್ಲಿಸಿದವನೂ ಅವನೇ. ಕೈ ಅಷ್ಟು ಚೊಕ್ಕ. ಬಾಯಿ ಮಾತ್ರ ಹರುಕು.

ಸ್ಟುಡಿಯೋ ಬಿಟ್ಟದ್ದೂ ಬಾಯಿಯಿಂದಲೇ. ಒಬ್ಬ ದಪ್ಪನೆಯ ಗಿರಾಕಿ ತನ್ನ ಫೋಟೊ ನೋಡಿ "ಹೊಟ್ಟೆ ಸ್ವಲ್ಪ ಕಮ್ಮಿ ಮಾಡಿ" ಅಂದ. ಮಾಡಿಕೊಟ್ಟ. "ಇನ್ನೂ ಸ್ವಲ್ಪ" ಅಂದ. ಅದನ್ನೂ ಮಾಡಿದ. ಮೂರನೇ ಸಲ "ಇನ್ನೊಂಚೂರು" ಅಂದಾಗ ಒರಸಪ್ಪನ ಮೂಗಿನ ತುದಿಯ ಕೋಪ ನಾಲಿಗೆಗೆ ಇಳಿಯಿತು.

"ಸ್ವಾಮಿ, ಇನ್ನೂ ಒರಸಿದ್ರೆ ಅಂಗಿ ಮಾತ್ರ ಉಳಿಯುತ್ತೆ! ಮೈ ಮನೇಲಿಟ್ಟು ಬನ್ನಿ ಮುಂದಿನ ಸಲ!"

ಗಿರಾಕಿ ಹೋದ, ಅವನ ಹಿಂದೆಯೇ ಒರಸಪ್ಪನ ಕೆಲಸವೂ ಹೋಯಿತು. ಆಮೇಲೆ ಕಾಲಿಟ್ಟ ಮುದ್ರಣದ ಅಂಗಡಿಯಲ್ಲೂ ಜಾಹೀರಾತಿನವರ ಹತ್ತಿರವೂ ಅದೇ ಕಥೆ. ಊರಿನಲ್ಲಿ ಬೈಯುವುದಕ್ಕೆ ಹೊಸ ಬಾಗಿಲೇ ಉಳಿಯಲಿಲ್ಲ ಅನ್ನುವ ಹೊತ್ತಿಗೆ ಅಕ್ಕ ತನ್ನ ಮಗಳ ಹತ್ತಿರ ಬೇಡಿಕೊಂಡಳು. ತಮ್ಮನಿಗೂ ಬುದ್ಧಿ ಹೇಳಿದಳು.

"ನೋಡೋ, ಇವಳ ಹತ್ರ ಬಾಯಿ ಮಾಡ್ಬೇಡ. ಇವಳೂ ಬೇಡ ಅಂದ್ರೆ ಇನ್ಯಾರ ಹತ್ರ ಕೇಳ್ಲಿ ನಾನು?"

ಆ ಮಾತು ಅವನಿಗೆ ನಾಟಿತ್ತು. ಇದೇ ಕೊನೆಯ ಬಾಗಿಲು ಅಂತ ಅವನಿಗೇ ಗೊತ್ತಿತ್ತು. ಗೊತ್ತಿದ್ದವನ ಕೋಪ ಇನ್ನೂ ಕೆಟ್ಟದ್ದು. ಒಳಗೇ ಕುದಿಯುತ್ತದೆ, ಮುಚ್ಚಳ ಕುಣಿಯುತ್ತದೆ.

ಅಕ್ಕನ ಮಗಳನ್ನು ಅವನು ಕರೆಯುತ್ತಿದ್ದದ್ದು ಪುಟ್ಟಿ ಅಂತ. ಪುಟ್ಟಿ ಒಂದು ಆ್ಯಪ್ ಮಾಡಿದ್ದಳು. ಫೋನನ್ನು ಆಕಾಶದ ಕಡೆ ಹಿಡಿದರೆ ಸಾಕು, ಅಲ್ಲಿ ಕಾಣುವ ಪ್ರತಿ ಬೆಳಕಿನ ಹೆಸರನ್ನೂ ಅದು ಹೇಳುತ್ತಿತ್ತು. ಅವಳ ಕಚೇರಿ ಅಂದರೆ ಅಪ್ಪನ ಕನ್ನಡಕದ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಅಪ್ಪ ಗಾಜು ಉಜ್ಜುವ ಯಂತ್ರದ ಗುಂಯ್ ಗುಂಯ್, ಮೇಲೆ ಮಗಳು ಕೀಲಿಮಣೆ ಕುಟ್ಟುವ ಟಕ ಟಕ. ಆ ಆ್ಯಪಿನಲ್ಲಿ ಆಕಾಶದ ಲೆಕ್ಕವೆಲ್ಲ ಸರಿಯಿದೆಯೇ ಅಂತ ವರ್ಷಗಟ್ಟಲೆ ಮಾಳಿಗೆಯ ಮೇಲೆ ನಿಂತು ಪರೀಕ್ಷೆ ಮಾಡಿದವರು ಆ ಅಪ್ಪನೇ, ಒರಸಪ್ಪನ ಭಾವ. ಜನರ ಕಣ್ಣಿಗೆ ಗಾಜು ಉಜ್ಜಿ ಉಜ್ಜಿ ಅವರಿಗೆ ದೂರದ್ದೆಲ್ಲ ನೋಡುವ ಚಟ ಹಿಡಿದಿತ್ತು.

ಅವತ್ತು ಬೆಳಿಗ್ಗೆ ಒರಸಪ್ಪ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಪುಟ್ಟಿ ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದಳು.

"ಮಾವಾ! ಆ್ಯಪ್ ಸ್ಟೋರಿನವರು ಬರೆದಿದ್ದಾರೆ. ನಮ್ಮದನ್ನ ಮೊದಲ ಪುಟದಲ್ಲಿ ತೋರಿಸ್ತಾರಂತೆ. ಆದ್ರೆ ಚಿತ್ರಗಳು ಚೆನ್ನಾಗಿಲ್ಲ, ಒಂದಕ್ಕೊಂದು ಹೊಂದ್ತಾ ಇಲ್ಲ, ನಾಳೆ ಬೆಳಿಗ್ಗೆಯೊಳಗೆ ಹೊಸದು ಕಳಿಸಿ ಅಂದಿದ್ದಾರೆ."

ಐದು ಸ್ಕ್ರೀನ್‌ಶಾಟುಗಳನ್ನು ಅವನ ಮುಂದೆ ತೆರೆದಿಟ್ಟಳು. ಆ್ಯಪನ್ನು ಬಳಸಿ ನೋಡುತ್ತಿದ್ದ ಪರಿಚಯದವರು ಆ ವಾರ ತಮ್ಮ ತಮ್ಮ ಫೋನಿನಿಂದ ಕಳಿಸಿದ್ದವು. ಆಕಾಶವೆಲ್ಲ ಸೊಗಸಾಗಿಯೇ ಇತ್ತು. ಗಂಟೆ, ಬ್ಯಾಟರಿ ತೋರಿಸುವ ಮೇಲಿನ ಪಟ್ಟಿ ಮಾತ್ರ ಸಂತೆ. ಒಂದರಲ್ಲಿ ಗಂಟೆ ಬೆಳಗಿನ ಜಾವದ್ದು, ಒಂದರಲ್ಲಿ ಮಧ್ಯಾಹ್ನದ್ದು. ಒಂದರ ಬ್ಯಾಟರಿ ಪ್ರಾಣ ಬಿಡುವ ಹಾಗೆ ಕೆಂಪಗೆ ಮಿನುಗುತ್ತಿತ್ತು. ಒಂದರಲ್ಲಿ ಅಲಾರಮ್ ಗುರುತು, ಇನ್ನೊಂದರಲ್ಲಿ ಯಾರದೋ ತಪ್ಪಿದ ಕರೆ.

"ಏನಿದು, ಬೀದಿ ಗೋಡೆ ಇದ್ದಂಗಿದೆ! ಸಿಕ್ಕಸಿಕ್ಕಿದ್ದೆಲ್ಲ ಅಂಟಿಸಿದ್ದಾರೆ" ಅಂದ ಒರಸಪ್ಪ.

"ಅದಕ್ಕೇ ನಿನ್ನನ್ನ ಕರೆದಿದ್ದು. ಐದರಲ್ಲೂ ಒಂದೇ ಗಂಟೆ, ತುಂಬಿದ ಬ್ಯಾಟರಿ, ಒಂದೇ ಥರದ ಸಿಗ್ನಲ್. ಒಂದೇ ಫೋನಲ್ಲಿ ತೆಗೆದ ಹಾಗೆ ಕಾಣ್ಬೇಕು. ಯಾವ ಗಂಟೆ ಅಂತ ನೀನೇ ನೋಡ್ಕೋ."

ಯಾವ ಗಂಟೆ ಅಂತ ಅವನು ಯೋಚಿಸಲೂ ಇಲ್ಲ. ಗಡಿಯಾರದ ಅಂಗಡಿಗೆ ಕ್ಯಾಲೆಂಡರ್ ಮಾಡಿಕೊಟ್ಟವನು ಅವನು. ಜಾಹೀರಾತಿನ ಗಡಿಯಾರಗಳಲ್ಲಿ ಎರಡೂ ಮುಳ್ಳು ನಗುವ ತುಟಿಯ ಹಾಗೆ ಮೇಲಕ್ಕೆ ಎದ್ದಿರುತ್ತವೆ, ಹತ್ತು ಗಂಟೆ ಹತ್ತು ನಿಮಿಷ. ಫೋನಿನ ಗಂಟೆಗೆ ಮುಳ್ಳಿಲ್ಲ, ನಿಜ. ಆದರೂ ಹತ್ತು ಹತ್ತು ಅಂದರೆ ಜೋಡಿ ಜೋಡಿ, ನೋಡಲು ಲಕ್ಷಣ.

ಕೆಲಸ ಕಂಡಷ್ಟು ಸುಲಭವಲ್ಲ. ಒಂದೇ ಬಣ್ಣದ ಪಟ್ಟಿಯಾದರೆ ಹಳೆಯದರ ಮೇಲೆ ಹೊಸದನ್ನು ಎಳೆದುಬಿಡಬಹುದು. ಇಲ್ಲಿ ಪಟ್ಟಿಗೆ ತನ್ನದೇ ಹಿನ್ನೆಲೆಯೇ ಇಲ್ಲ. ಹಿಂದೆ ಆಕಾಶ ಹರಡಿಕೊಂಡಿದೆ, ಮೇಲೆ ಕಡು ನೀಲಿ, ಕೆಳಗೆ ಬರಬರುತ್ತ ತಿಳಿ. ಒಂದು ಚಿತ್ರದ ಗಂಟೆಯನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಿದರೆ ಹೊಸ ಅಂಗಿಗೆ ತೇಪೆ ಹಾಕಿದ ಹಾಗೆ. ಅದಕ್ಕೆ ಅವನು ಮೊದಲು ಹಳೆ ಅಂಕಿ ಗುರುತುಗಳನ್ನು ಒರಸಿ, ಪಕ್ಕದ ಬಣ್ಣವನ್ನೇ ಎಳೆದು ಆಕಾಶವನ್ನು ಮತ್ತೆ ನೇಯ್ದ. ಆಮೇಲೆ ಹಿನ್ನೆಲೆಯಿಲ್ಲದ ಗಾಜಿನಂಥ ಪದರದ ಮೇಲೆ ಗಂಟೆ, ಸಿಗ್ನಲ್, ಬ್ಯಾಟರಿಯನ್ನು ಬರೆದು, ಅದೇ ಪದರವನ್ನು ಐದಕ್ಕೂ ಒಂದೇ ಜಾಗದಲ್ಲಿ ಹೊದಿಸಿದ. ಕತ್ತಲ ಆಕಾಶಕ್ಕೆ ಬಿಳಿ ಗುರುತು. ನಡುಹಗಲಿನ ಒಂದು ಚಿತ್ರಕ್ಕೆ ಬಿಳಿ ಕಾಣದು, ಅದಕ್ಕೆ ಕಪ್ಪು. ಬ್ಯಾಟರಿಯ ಪಕ್ಕದಲ್ಲಿ ಒಂದು ಬಿಳಿಯ ಕಸ ಇತ್ತು, ಅದನ್ನೂ ಒರಸಿದ.

ಸೂರ್ಯ ಇಳಿಯುವ ಹೊತ್ತಿಗೆ ಐದೂ ಸಿದ್ಧ. ಪುಟ್ಟಿ ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಬ್ಬಾ ಮಾವ! ಒಂದೇ ತಾಯಿ ಮಕ್ಕಳ ಹಾಗಿವೆ."

ಅಷ್ಟು ದಿನದಲ್ಲಿ ಯಾರೂ ಅವನಿಗೆ ಒಂದು ಒಳ್ಳೆ ಮಾತು ಆಡಿರಲಿಲ್ಲ. ಒರಸಪ್ಪ ಕುರ್ಚಿಗೆ ಒರಗಿ ಕೈಕಟ್ಟಿ ಕೂತ, ಕೋಟೆ ಗೆದ್ದವನ ಹಾಗೆ.

ಅಷ್ಟರಲ್ಲಿ ಭಾವ ಮೇಲೆ ಬಂದರು. ಬೆರಳಿನ ಸಂದಿಯಲ್ಲೆಲ್ಲ ಗಾಜಿನ ಒದ್ದೆ ಪುಡಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗಾಜು. ಪರದೆಯ ಮುಂದೆ ಬಗ್ಗಿದರು. ಒಂದೊಂದನ್ನೇ ನೋಡಿದರು. ಎರಡನೆಯದರ ಮುಂದೆ ಭೂತಗಾಜು ಎತ್ತಿದರು.

"ಏನಯ್ಯಾ, ಇಲ್ಲಿ ಬ್ಯಾಟರಿ ಪಕ್ಕ ಒಂದು ನಕ್ಷತ್ರ ಇತ್ತಲ್ಲ?"

"ಅದಾ? ಕಸ ಅಂತ ಒರಸಿದೆ."

ಭಾವ ಅವನನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಅವನನ್ನು ನೋಡಿದರು.

"ಭೂಮಿಯಂಥದ್ದು ಲಕ್ಷಗಟ್ಟಲೆ ಅದರ ಹೊಟ್ಟೇಲಿ ಹಿಡಿಸುತ್ತೆ. ಕಸ ಅಂತೆ!" ಅಂತ ನಕ್ಕರು. ಆಮೇಲೆ ಮೊದಲನೇ ಚಿತ್ರಕ್ಕೆ ಬೆರಳಿಟ್ಟರು. ಪಡುವಣದ ಕೆಂಪಿನಲ್ಲಿ ಉಗುರಿನ ಹಾಗೆ ತೆಳ್ಳಗಿನ ಚಂದ್ರ. "ಇದು ನಿನ್ನೆ ಸಂಜೆ ತೆಗೆದದ್ದು. ಹತ್ತು ಗಂಟೆಗೆ ಈ ಎಳೆ ಚಂದ್ರ ಎಲ್ಲಿರ್ತಾನೆ? ಎಷ್ಟೋ ಹೊತ್ತು ಮುಂಚೇನೇ ಮುಳುಗಿ ಮಲಗಿರ್ತಾನೆ. ಇನ್ನು ಈ ಮೂರು ಚುಕ್ಕೆ ಸಾಲು, ಇಲ್ಲಿ ಪೂರ್ವದಲ್ಲಿ ಹುಟ್ತಾ ಇದೆ, ಇಲ್ಲಿ ಪಶ್ಚಿಮದಲ್ಲಿ ಮುಳುಗ್ತಾ ಇದೆ. ಎರಡಕ್ಕೂ ಹತ್ತು ಹತ್ತು. ಇಲ್ಲಿ ಸೂರ್ಯ ನೆತ್ತಿ ಮೇಲಿದ್ದಾನೆ, ಅವನಿಗೂ ಹತ್ತು ಹತ್ತು! ಏನು, ಐದು ಲೋಕ ತೋರಿಸ್ತಿದ್ದೀಯಾ?"

ಪುಟ್ಟಿಯ ಮುಖ ಬಿಳಿಚಿತು. ಅವಳಿಗೂ ಹೊಳೆದಿರಲಿಲ್ಲ. ಚಿತ್ರ ಹೊಂದುತ್ತದೆಯೇ ಅಂತ ನೋಡಿದ್ದಳೇ ಹೊರತು ಗಂಟೆಗೂ ಆಕಾಶಕ್ಕೂ ಹೊಂದುತ್ತದೆಯೇ ಅಂತ ನೋಡಿರಲಿಲ್ಲ.

"ಅಯ್ಯೋ, ಆಕಾಶ ನೋಡೋರೇ ನಮ್ಮ ಗಿರಾಕಿಗಳು. ಮೊದಲ ಪುಟದಲ್ಲಿ ಇದನ್ನ ನೋಡಿದ್ರೆ ಉಗೀತಾರೆ. ಗಂಟೇನೇ ಗೊತ್ತಿಲ್ಲದವರ ಆ್ಯಪನ್ನ ಯಾರು ನಂಬ್ತಾರೆ?"

ಒರಸಪ್ಪನ ಕಿವಿ ಕಾದವು. ಅಕ್ಕನ ಮಾತು ನೆನಪಾಯಿತು, ನೆನಪಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಯಾರು ನೋಡ್ತಾರೆ ಭಾವ ಅದನ್ನ? ಇರುವೆ ಗಾತ್ರದ ಅಂಕಿ! ಬೆಳಿಗ್ಗೆಯಿಂದ ಕಣ್ಣು ಕಿತ್ಕೊಂಡು ಮಾಡಿದ್ದೀನಿ. ಮೊಸರಲ್ಲಿ ಕಲ್ಲು ಹುಡುಕೋಕೆ ಬಂದ್ರು ಇವರು, ಗಾಜು ಹಿಡ್ಕೊಂಡು!"

ಪುಟ್ಟಿ ತಲೆ ತಗ್ಗಿಸಿದಳು. ಭಾವ ಬೇಸರ ಮಾಡಿಕೊಳ್ಳಲಿಲ್ಲ. ಕೋಪದ ಮನುಷ್ಯರಿಗೆ ಕನ್ನಡಕ ಅಳತೆ ಮಾಡಿ ಮಾಡಿ ಅವರಿಗೆ ಅಭ್ಯಾಸ.

"ಬಾ ಇಲ್ಲಿ, ಮಾಳಿಗೆಗೆ. ಅವನು ಇನ್ನೂ ಇದ್ದಾನೆ, ಕೇಳೋಣ."

"ಯಾರು?"

"ಚಂದ್ರ."

ಜಗಳ ಗೆಲ್ಲಲೆಂದೇ ಒರಸಪ್ಪ ಮೆಟ್ಟಿಲು ಹತ್ತಿದ. ಹಿಂದೆ ಪುಟ್ಟಿ, ಕೈಯಲ್ಲಿ ಫೋನು. ಮಾಳಿಗೆಯ ಮೇಲೆ ಒಣಹಾಕಿದ ಎರಡು ಚಾದರ, ಒಂದು ಮುರುಕು ಕುರ್ಚಿ, ಪಕ್ಕದ ಕಟ್ಟಡದ ಚಪ್ಪಟೆ ತಲೆಯ ನೀರಿನ ಟ್ಯಾಂಕು. ಟ್ಯಾಂಕಿನ ಸ್ವಲ್ಪ ಮೇಲೆ ಚಂದ್ರ, ನಿನ್ನೆಗಿಂತ ಒಂದು ಎಳೆ ದಪ್ಪ. "ನಿನ್ನೆ ಈ ಹೊತ್ತಿಗೆ ಇದ್ದದ್ದಕ್ಕಿಂತ ಮೇಲಿದ್ದಾನೆ" ಅಂದರು ಭಾವ.

ಭಾವ ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ಅಲ್ಲಾಡ್ಬೇಡ. ತಲೆ ಗೋಡೆಗೆ ಒರಗಿಸು. ಟ್ಯಾಂಕಿನ ಅಂಚು ನೋಡ್ತಾ ಇರು."

"ಏನು ನೋಡೋದು? ನಿಂತಿದ್ದಾನೆ ಅಷ್ಟೇ."

"ಬೈಯೋದಿದ್ರೆ ಬೈತಾ ಬೈತಾ ನೋಡು."

ಒರಸಪ್ಪ ನೋಡಿದ. ಚಂದ್ರ ಇಳಿದು ಇಳಿದು, ಅದರ ಕೆಳಗಿನ ಅಂಚು ಟ್ಯಾಂಕಿಗೆ ತಾಗಿತು. ಪುಟ್ಟಿ ಅವನ ಕೈಗೆ ಫೋನು ಕೊಟ್ಟಳು. ಪರದೆಯಲ್ಲೂ ಚಂದ್ರ, ಅದೇ ಜಾಗದಲ್ಲಿ. ಮೇಲಿನ ಪಟ್ಟಿಯಲ್ಲಿ ಆರು ಐವತ್ತೆರಡು. ಅವನು ಒಮ್ಮೆ ಟ್ಯಾಂಕು ನೋಡಿದ, ಒಮ್ಮೆ ಅಂಕಿ ನೋಡಿದ. ಅಂಕಿ ಮಗುಚಿ ಐವತ್ತಮೂರು ಆಯಿತು. ಟ್ಯಾಂಕಿನ ಹಿಂದೆ ಚಂದ್ರನ ಅರ್ಧ ಹೋಗಿತ್ತು. ಅಂಕಿ ಮತ್ತೆ ಮಗುಚಿ, ಇನ್ನೂ ಚಿಲ್ಲರೆ ಕ್ಷಣ ಕಳೆಯುವಷ್ಟರಲ್ಲಿ ಚಂದ್ರ ಪೂರಾ ಹೋಯಿತು. ಟ್ಯಾಂಕು ನುಂಗಿಬಿಟ್ಟಿತು, ಒಂದು ಸದ್ದಿಲ್ಲ.

ಬಾಯಿ ತೆರೆದಿದ್ದವನು ಮುಚ್ಚಲು ಮರೆತ.

ಐವತ್ತು ವರ್ಷ ಆ ಚಂದ್ರನ ಕೆಳಗೇ ಓಡಾಡಿದ್ದ. ಒಂದು ದಿನವೂ ಅದು ಚಲಿಸುವುದನ್ನು ಕಂಡಿರಲಿಲ್ಲ. ಮೇಲೆ ನೋಡಿದಾಗಲೆಲ್ಲ ಅದು ನಿಂತಿರುತ್ತಿತ್ತು, ಗೋಡೆಗೆ ಹೊಡೆದ ಮೊಳೆಯ ಹಾಗೆ. ಈಗ ಕಣ್ಣೆದುರಿಗೇ ಜಾರಿಹೋಗಿತ್ತು.

"ಅದು ಇಷ್ಟು ಜೋರಾಗಿ ಓಡುತ್ತಾ?" ಅವನ ದನಿ ಸಣ್ಣಗಾಗಿತ್ತು.

"ಅದಲ್ಲ, ನಾವು" ಅಂದರು ಭಾವ. "ನೀನು, ನಾನು, ಈ ಕುರ್ಚಿ, ಈ ಮಾಳಿಗೆ, ಎಲ್ಲ ಸೇರಿ ಪೂರ್ವದ ಕಡೆ ತಿರುಗ್ತಾ ಇದ್ದೀವಿ. ಎರಡು ನಿಮಿಷಕ್ಕೆ ಚಂದ್ರನ ಮೈಯಷ್ಟು ಅಗಲ. ನೀನು ನಿಂತಿದ್ದಾನೆ ಅಂದ್ಯಲ್ಲ, ನಿಂತಿರೋದು ಏನೂ ಇಲ್ಲ ಇಲ್ಲಿ."

ಒರಸಪ್ಪ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಬಿದ್ದುಬಿಡುತ್ತೇನೆ ಅನ್ನಿಸಿತೋ ಏನೋ.

ಫೋನನ್ನು ಟ್ಯಾಂಕಿನ ಕಡೆಗೇ ಹಿಡಿದಿದ್ದ. ಪರದೆಯಲ್ಲಿ ಚಂದ್ರ ಇನ್ನೂ ಇತ್ತು, ಟ್ಯಾಂಕಿನ ಹಿಂದೆ, ಇಟ್ಟಿಗೆ ನೀರು ಯಾವುದರ ಗೊಡವೆಯೂ ಇಲ್ಲದೆ. ಕೈ ಇಳಿದು ಫೋನು ಕೆಳಕ್ಕೆ ವಾಲಿತು. ಅಲ್ಲಿ, ದಿಗಂತದ ಗೆರೆಯ ಅಡಿಯಲ್ಲಿ, ನೆಲದೊಳಗೆ, ದುಂಡಗೆ ಹಳದಿ.

"ಪುಟ್ಟೀ, ಇದೇನೇ ಇದು? ನೆಲದಲ್ಲಿ?"

"ಸೂರ್ಯ, ಮಾವ. ಈಗ ತಾನೇ ಇಳಿದ. ಇಲ್ಲೇ ಕೆಳಗಿದ್ದಾನೆ."

ಅವನು ಚಪ್ಪಲಿಯ ಕಾಲನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಸೂರ್ಯನ ಮೇಲೆ ಕಾಲಿಟ್ಟವನ ಹಾಗೆ. ಪುಟ್ಟಿಗೆ ನಗು ಬಂತು, ನಗಲಿಲ್ಲ. ಮಾವನ ಮುಖ ಹಾಗಿತ್ತು.

ಮೇಲಿನ ಪಟ್ಟಿಯ ಅಂಕಿಯನ್ನು ಅವನು ಮತ್ತೆ ನೋಡಿದ. ಬೆಳಿಗ್ಗೆಯಿಂದ ಕಸದ ಹಾಗೆ ಒರಸಿದ ಅಂಕಿ. ಇರುವೆ ಗಾತ್ರದ್ದು. ಆ ಇರುವೆ ಚಂದ್ರನನ್ನೂ ಸೂರ್ಯನನ್ನೂ ಕಾಲಡಿಯ ಭೂಮಿಯನ್ನೂ ಹೊತ್ತುಕೊಂಡು ನಡೆಯುತ್ತಿತ್ತು. ಒಂದು ಅಂಕಿ ಮಗುಚಿದರೆ ಮೇಲಿನದೆಲ್ಲ ಒಂದು ಹೆಜ್ಜೆ ಸರಿಯುತ್ತದೆ. ಅದನ್ನು ಅಳಿಸಿ, ಮುಳ್ಳು ನಗುತ್ತದೆ ಅಂತ ಹತ್ತು ಹತ್ತು ಬರೆದಿದ್ದ. ಅಳಿಯನ ಜಾಗದಲ್ಲಿ ಹೂಕುಂಡ ಇಟ್ಟರೆ ಆಯಿತು, ಚಂದ್ರನ ಜಾಗದಲ್ಲಿ ಏನಿಡುವುದು?

"ನನ್ನದೇ ತಪ್ಪು" ಅಂದ. ಆ ಮಾತು ಅವನ ಬಾಯಿಂದ ಬಂದದ್ದನ್ನು ಅಕ್ಕ ಕೇಳಿದ್ದರೆ ವೈದ್ಯರನ್ನು ಕರೆಸುತ್ತಿದ್ದಳು.

"ನಂದೂ ಹೌದು" ಅಂದಳು ಪುಟ್ಟಿ. "ಈಗೇನು ಮಾಡೋದು? ಆಯಾ ಗಂಟೆ ಆಯಾ ಚಿತ್ರಕ್ಕೆ ಹಾಕಿದ್ರೆ ಆಕಾಶ ಸರಿಯಾಗುತ್ತೆ, ಆದ್ರೆ ಐದೂ ಬೇರೆಬೇರೆ ಕಾಣ್ತವೆ. ಮತ್ತೆ ಅದೇ ಸಂತೆ."

ಒರಸಪ್ಪ ಎದ್ದು ನಿಂತ. ಫೋನು ಹಿಡಿದುಕೊಂಡೇ ಪೂರ್ವಕ್ಕೆ ತಿರುಗಿದ. ಕಣ್ಣಿಗೆ ಇನ್ನೂ ಕಾಣದ ಮೂರು ಚುಕ್ಕೆಯ ಸಾಲು ಪರದೆಯಲ್ಲಿ ಮನೆಗಳ ಮೇಲಿಂದ ತಲೆ ಎತ್ತುತ್ತಿತ್ತು. ಉತ್ತರಕ್ಕೆ ತಿರುಗಿದ, ಧ್ರುವ. ನೆತ್ತಿಗೆ ಹಿಡಿದ, ಗುರು ಗ್ರಹ. ಹೀಗೆ ಬುಗುರಿಯ ಹಾಗೆ ಸುತ್ತಿದವನು ಥಟ್ಟನೆ ನಿಂತ.

"ಪುಟ್ಟೀ, ಇದೆಲ್ಲಾ ಈಗಲೇ ಇದೆ ಅಲ್ವಾ? ಎಲ್ಲಾ ಒಟ್ಟಿಗೇ?"

"ಹೂಂ, ಈಗಲೇ."

"ಮತ್ತೆ ಐದು ಹೊತ್ತಿನ ಚಿತ್ರ ಯಾಕೆ ಬೇಕು? ಒಂದೇ ಹೊತ್ತು, ಐದು ದಿಕ್ಕು. ಚಂದ್ರ ಅಲ್ಲಿ, ಚುಕ್ಕೆ ಸಾಲು ಇಲ್ಲಿ, ಧ್ರುವ ಆಚೆ, ಗುರು ನೆತ್ತಿ ಮೇಲೆ, ಸೂರ್ಯ ಕಾಲಡಿ. ಒಬ್ಬನೇ ಮನುಷ್ಯ ನಿಂತಲ್ಲೇ ಸುತ್ತಿದ ಹಾಗೆ. ಗಂಟೆ ಒಂದೇ ಆಗ್ಲೇಬೇಕಲ್ಲ!"

ಪುಟ್ಟಿ ಫೋನು ಕಿತ್ತುಕೊಂಡು ಆ್ಯಪಿನ ಒಂದು ಮೂಲೆ ಒತ್ತಿದಳು. ಬೇಕಾದ ನಿಮಿಷಕ್ಕೆ ಆಕಾಶವನ್ನು ನಿಲ್ಲಿಸುವ ಗುಂಡಿ ಅದರಲ್ಲಿತ್ತು. ಆರು ಐವತ್ತೆರಡಕ್ಕೆ ನಿಲ್ಲಿಸಿದಳು. ಟ್ಯಾಂಕು ತಾಗಿದ ಕ್ಷಣದ ಚಂದ್ರ ಪರದೆಗೆ ಮರಳಿ ಬಂತು. ಒಂದೊಂದೇ ದಿಕ್ಕಿಗೆ ಹಿಡಿದು ಐದು ಸ್ಕ್ರೀನ್‌ಶಾಟ್ ತೆಗೆದಳು.

ತೆಗೆದು ನೋಡಿದರೆ ಮತ್ತೆ ಪೇಚು. ಆ್ಯಪು ನಿಲ್ಲಿಸುವುದು ತನ್ನ ಆಕಾಶವನ್ನು, ಫೋನಿನ ಗಡಿಯಾರವನ್ನಲ್ಲ. ಒಂದರ ಪಟ್ಟಿಯಲ್ಲಿ ಏಳು ಗಂಟೆ, ಮುಂದಿನದರಲ್ಲಿ ಏಳು ದಾಟಿ ಒಂದು ನಿಮಿಷ, ಹೀಗೇ ಮುಂದಕ್ಕೆ. ನಡುವೆ ಒಂದು ಸಂದೇಶದ ಗುರುತು ಬೇರೆ ಬಂದು ಕೂತಿತ್ತು. ಬ್ಯಾಟರಿ ಕೆಂಪಗಾಗಿತ್ತು.

"ಕಂಪ್ಯೂಟರಿನೊಳಗೆ ನಕಲಿ ಫೋನು ಅಂತ ಒಂದಿದೆ, ಅದರಲ್ಲಾದ್ರೆ ಪಟ್ಟಿಯ ಗಂಟೆನೂ ಬೇಕಾದಲ್ಲಿ ನಿಲ್ಲಿಸ್ಬಹುದು" ಅಂದಳು ಪುಟ್ಟಿ. "ಆದ್ರೆ ಅದನ್ನ ಕೈಯಲ್ಲಿ ಹಿಡಿದು ಆಕಾಶಕ್ಕೆ ತೋರಿಸೋದು ಹೇಗೆ?"

"ಅದಕ್ಕೆ ನಾನಿಲ್ವಾ?" ಅಂದ ಒರಸಪ್ಪ. ಆ ಮಾತಿನಲ್ಲಿ ಕೋಪ ಇರಲಿಲ್ಲ, ಇದ್ದದ್ದು ಹಸಿವು, ಕೆಲಸದ ಹಸಿವು.

ಮತ್ತೆ ಕೆಳಗಿಳಿದು ಕೂತ. ಅದೇ ಕೆಲಸ, ಬೆಳಿಗ್ಗೆ ಮಾಡಿದ್ದೇ. ಆದರೆ ಕೈ ಬೇರೆ ಆಗಿತ್ತು. ಆಗ ಒಂದು ಎಳೆತಕ್ಕೆ ಬಳಿದಿದ್ದ ಪಟ್ಟಿಯನ್ನು ಈಗ ಎಷ್ಟೋ ಪಟ್ಟು ದೊಡ್ಡದು ಮಾಡಿಕೊಂಡು, ಮಲಗಿದ ಮಗುವಿನ ಹೊದಿಕೆ ಸರಿಪಡಿಸುವವನ ಹಾಗೆ ಉಸಿರು ಹಿಡಿದು ಒಂದೊಂದೇ ಚುಕ್ಕಿ ನೋಡುತ್ತಿದ್ದ. ಬಿಳಿ ಕಂಡಲ್ಲೆಲ್ಲ "ಭಾವ, ಇದು ಕಸವೋ, ಲೋಕವೋ?" ಅಂತ ಕೇಳುತ್ತಿದ್ದ. ಭಾವ ಭೂತಗಾಜು ಹಿಡಿದು "ಅದು ಕಸ, ಒರಸು" ಅನ್ನುತ್ತಿದ್ದರು, ಇಲ್ಲವೇ "ಮುಟ್ಟಬೇಡ" ಅನ್ನುತ್ತಿದ್ದರು. ಏಳು ಗಂಟೆಯ ಅಂಕಿಗಳನ್ನೆಲ್ಲ ತೆಗೆದು, ಐದರಲ್ಲೂ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ 6:52 ಬರೆದ. ಸುಳ್ಳು ಬರೆಯುತ್ತಿದ್ದೇನೆ ಅಂತ ಅವನಿಗೆ ಅನ್ನಿಸಲಿಲ್ಲ. ಚಿತ್ರದೊಳಗಿನ ಆಕಾಶ ಯಾವ ನಿಮಿಷದ್ದೋ ಆ ನಿಮಿಷವನ್ನೇ ಅದರ ಹಣೆಯ ಮೇಲೆ ಬರೆಯುತ್ತಿದ್ದ. ಏಳು ಗಂಟೆ ಅಂತ ಬಿಟ್ಟಿದ್ದರೆ ಅದೇ ಸುಳ್ಳಾಗುತ್ತಿತ್ತು.

ಪೂರ್ವದ ಚಿತ್ರದಲ್ಲಿ ಒಂದು ನಕ್ಷತ್ರ ಸಿಗ್ನಲ್ಲಿಗೂ ಬ್ಯಾಟರಿಗೂ ನಡುವೆ ಸಿಕ್ಕಿಕೊಂಡಿತ್ತು. ಪುಟ್ಟಿ "ಕೊಳೆ ಥರ ಕಾಣ್ಬಹುದು ಮಾವ" ಅಂದಳು. ಅವನು ತಲೆ ಅಲ್ಲಾಡಿಸಿದ. ಗುರುತುಗಳು ಎಲ್ಲ ಚಿತ್ರದಲ್ಲೂ ಒಂದೇ ಜಾಗದಲ್ಲಿರಬೇಕು, ಬ್ಯಾಟರಿಯನ್ನು ಇದೊಂದರಲ್ಲಿ ಮಾತ್ರ ಸರಿಸುವ ಹಾಗಿಲ್ಲ. ಅದಕ್ಕೆ ಐದರ ಬ್ಯಾಟರಿಯನ್ನೂ ಒಂದು ಕೂದಲೆಳೆ ಬಲಕ್ಕೆ ಸರಿಸಿ ನಕ್ಷತ್ರಕ್ಕೆ ಉಸಿರಾಡಲು ಜಾಗ ಬಿಟ್ಟ.

"ಬ್ಯಾಟರಿ ತುಂಬಿದೆ ಅಂತ ಬರೆದದ್ದು ಮಾತ್ರ ಸುಳ್ಳು" ಅಂತ ಭಾವ ಕೆಣಕಿದರು.

"ಅದಕ್ಕೂ ಆಕಾಶಕ್ಕೂ ಸಂಬಂಧ ಇಲ್ಲ ಬಿಡಿ. ಅದು ಅಲಂಕಾರ. ಹೊಟ್ಟೆ ತುಂಬಿದೆ ಅಂತ ನೆಂಟರ ಮನೇಲಿ ಹೇಳಲ್ವಾ, ಹಾಗೆ."

ಭಾವ ಐದನ್ನೂ ಮೊದಲಿಂದ ನೋಡಿದರು. ಭೂತಗಾಜು ಕೆಳಗಿಳಿಸಿದರು. ಅವನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು, ಅಂಗಡಿ ಮುಚ್ಚಲು ಇಳಿದುಹೋದರು. ಅಂಗಿಯ ಬೆನ್ನ ಮೇಲೆ ಗಾಜಿನ ಪುಡಿಯ ಬೆರಳಚ್ಚು ಉಳಿಯಿತು. ಒರಸಪ್ಪ ಅದನ್ನು ಮಾತ್ರ ಒರಸಿಕೊಳ್ಳಲಿಲ್ಲ.

ಪುಟ್ಟಿ ಚಿತ್ರಗಳನ್ನು ಕಳಿಸಿದಳು. ಕಳಿಸಿ, ಕುರ್ಚಿ ತಿರುಗಿಸಿಕೊಂಡು ಅವನತ್ತ ನೋಡಿದಳು. ಒರಸಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ನೆಲ ನೋಡುತ್ತಿದ್ದ. ಭಾವನ ಮೇಲೆ ಕೂಗಾಡಿದ್ದು ಅವಳ ಕಣ್ಣೆದುರೇ ಅಲ್ಲವೇ. ಬಾಗಿಲು ಮುಚ್ಚುವ ಮಾತಿಗೆ ಕಾಯುವುದು ಅವನಿಗೆ ಹೊಸದಲ್ಲ.

"ಮಾವ, ಟ್ಯಾಬ್ಲೆಟ್ಟಿಗೆ ಬೇರೆ ಅಳತೆಯ ಚಿತ್ರ ಬೇಕಾಗುತ್ತೆ. ಅಗಲದ ಪರದೆ. ಅಲ್ಲಿ ಇನ್ನೂ ಜಾಸ್ತಿ ನಕ್ಷತ್ರ ಹಿಡಿಸ್ತವೆ. ನಾಳೆ ಸಂಜೆ ಬೇಗ ಬರ್ತೀಯಾ? ಚಂದ್ರ ಟ್ಯಾಂಕಿಗೆ ಬರೋ ಮುಂಚೆ?"

ಅವನು ಚಪ್ಪಲಿ ಮೆಟ್ಟಿಕೊಂಡ. "ನಾಳೆ ಚಂದ್ರ ಇವತ್ತಿಗಿಂತ ತಡವಾಗಿ ಬರ್ತಾನಲ್ಲ ಟ್ಯಾಂಕಿಗೆ? ನಿನ್ನೆಗಿಂತ ಇವತ್ತು ಮೇಲಿದ್ದ ಅಂದ್ರಲ್ಲ ನಿಮ್ಮಪ್ಪ."

"ಹೌದು, ಮುಕ್ಕಾಲು ಗಂಟೆಯ ಹತ್ತಿರ ಹತ್ತಿರ ತಡ."

"ಹಾಗಾದ್ರೆ ನಾನು ಅವನಿಗಿಂತ ಮುಂಚೆ ಬಂದು ಕುರ್ಚಿ ಹಿಡಿದಿರ್ತೀನಿ."

ಬೀದಿಗಿಳಿದ. ಮೂಲೆಯ ಅಂಗಡಿಯ ಹಲಗೆಯ ಮೇಲೆ ಕೆಂಪು ಅಂಕಿಯ ದೊಡ್ಡ ಗಡಿಯಾರವೊಂದು ಉರಿಯುತ್ತಿತ್ತು. ದಿನಾ ಅದರಡಿಯೇ ಹೋಗುವವನು. ಇವತ್ತು ಅದರ ಕೆಳಗೆ ನಿಂತ. ಅಂಕಿ ಮಗುಚಿತು. ಅವನು ತಟ್ಟನೆ ಕತ್ತೆತ್ತಿ ಮೇಲೆ ನೋಡಿದ, ಯಾವುದು ಸರಿಯಿತು ಅಂತ. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿ, "ಏ ಅಣ್ಣಾ, ನಡುಬೀದೀಲಿ ನಿಂತು ಏನು ನೋಡ್ತೀಯ, ಸರಿ ಆಚೆ!" ಅಂತ ಬೈದ.

ಬೇರೆ ದಿನವಾಗಿದ್ದರೆ ಸೈಕಲ್ಲಿನವನ ಏಳು ತಲೆಮಾರು ಒರಸಿಹಾಕುತ್ತಿದ್ದ. ಇವತ್ತು ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಕತ್ತು ಮಾತ್ರ ಇಳಿಸದೆ.